ಕುಡಿದು ಬಂದಂತೆ ಕಾಣುವ ನೌಕರರೊಂದಿಗೆ ಮಾತನಾಡುವ ಬಗೆ

ಪ್ರಶ್ನೆ: ನನ್ನ ತಂಡದಲ್ಲಿ ಯಂತ್ರ ನಡೆಸುವ ಹಿರಿಯರೊಬ್ಬರು ಕೆಲವು ದಿನ ಬೆಳಿಗ್ಗೆ ಕುಡಿದು ಬಂದಂತೆ ಕಾಣುತ್ತಾರೆ. ಅವರಿಗೆ ಅವಮಾನವಾಗದಂತೆ, ಅನ್ಯಾಯವೂ ಆಗದಂತೆ ನಾನು ಏನು ಮಾಡಲಿ?

ಅವರು ಈ ಹೊತ್ತು ಯಂತ್ರದ ಮುಂದೆ ನಿಲ್ಲುವ ಸ್ಥಿತಿಯಲ್ಲಿದ್ದಾರೆಯೇ ಎಂಬುದನ್ನು ನೀವು ತಕ್ಷಣವೇ ತೀರ್ಮಾನಿಸಬೇಕು. ಕುಡಿದಿದ್ದಾರೆಯೇ ಎಂಬುದನ್ನು ನೋಟಮಾತ್ರದಿಂದ ತೀರ್ಮಾನಿಸಬಾರದು. ಸಿಬ್ಬಂದಿ ವಿಭಾಗದಲ್ಲಿ ಇಂತಹ ಪ್ರಕರಣಗಳನ್ನು ನಿಭಾಯಿಸಿದ ನನಗೆ ಈ ವ್ಯತ್ಯಾಸವೇ ಎಲ್ಲಕ್ಕಿಂತ ಮುಖ್ಯವೆನಿಸಿದೆ. ಮಧುಮೇಹಿಗಳಲ್ಲಿ ರಕ್ತದ ಸಕ್ಕರೆ ತೀರಾ ಇಳಿದಾಗ ಮಾತು ತೊದಲುತ್ತದೆ, ಕೈ ನಡುಗುತ್ತದೆ, ನಡಿಗೆ ತೂರಾಡುತ್ತದೆ. ಸಕ್ಕರೆ ವಿಪರೀತ ಏರಿ ಕೀಟೋನ್ ಹೆಚ್ಚಾದಾಗ ಉಸಿರಿಗೆ ಹಣ್ಣಿನಂತಹ ವಾಸನೆ ಬರುತ್ತದೆ. ಪಾರ್ಶ್ವವಾಯುವಿನ ಆರಂಭವೂ ಅಮಲಿನಂತೆಯೇ ಕಾಣಬಹುದು. ಮುಖ ಒಂದು ಬದಿಗೆ ಜೋತಿದ್ದರೆ, ಗೊಂದಲ ಹೆಚ್ಚುತ್ತಿದ್ದರೆ, ಮಾತುಕತೆಯನ್ನು ಬದಿಗಿಟ್ಟು ಆಂಬುಲೆನ್ಸ್ ಕರೆಸಿ.

ಇನ್ನೊಂದು ಸಾಧ್ಯತೆಯೂ ಇದೆ. ದೇಹವು ಗಂಟೆಗೆ ಸುಮಾರು 8 ಗ್ರಾಂ ಶುದ್ಧ ಆಲ್ಕೋಹಾಲನ್ನಷ್ಟೇ ಕರಗಿಸಬಲ್ಲದು; ಆದ್ದರಿಂದ ತಡರಾತ್ರಿಯವರೆಗೆ 80 ಗ್ರಾಂನಷ್ಟು ಕುಡಿದವರು ಬೆಳಿಗ್ಗೆ ಒಂದು ಹನಿಯೂ ಮುಟ್ಟದೆ ಬಂದರೂ ಅಮಲು ಪೂರ್ತಿ ಇಳಿದಿರದೇ ಇರಬಹುದು. ‘ಈಗ ಕುಡಿದಿಲ್ಲ’ ಎಂಬ ಅವರ ಮಾತು ನಿಜವೇ ಆಗಿರಬಹುದು. ಹಾಗೆಂದು ಯಂತ್ರವನ್ನು ಅವರ ಕೈಗೆ ಕೊಡುವಂತಿಲ್ಲ.

ಉದಾಹರಣೆಗೆ, ಬೆಳಿಗ್ಗೆ 9ಕ್ಕೆ ಅವರು ಗುಂಡಿ ಒತ್ತುವಾಗ ಕೈ ತಪ್ಪುತ್ತಿರುವುದು ನಿಮಗೆ ಕಂಡಿತೆನ್ನೋಣ. ಎಲ್ಲರೆದುರು ಏನನ್ನೂ ಹೇಳದೆ, ‘ಒಂದು ನಿಮಿಷ ಬನ್ನಿ’ ಎಂದು ಕರೆದು ಬಾಗಿಲು ಮುಚ್ಚಿದ ಕೋಣೆಯಲ್ಲಿ ಕೂರಿಸಿ, ಜವಾಬ್ದಾರಿಯುತ ಇನ್ನೊಬ್ಬರನ್ನೂ ಕರೆಸಿ. ನಿಮ್ಮ ಅನುಮಾನವನ್ನು ಆ ಇನ್ನೊಬ್ಬರಿಗೆ ಮೊದಲೇ ಹೇಳದಿದ್ದರೆ ಅವರು ಕಂಡದ್ದು ಸ್ವತಂತ್ರ ಸಾಕ್ಷ್ಯವಾಗಿ ಉಳಿಯುತ್ತದೆ. ನಂತರ ಹೀಗೆ ಕೇಳಬಹುದು: ‘ನೀವು ಎರಡು ಬಾರಿ ತಪ್ಪು ಗುಂಡಿ ಒತ್ತಿದಿರಿ, ಮಾತು ತೊದಲುತ್ತಿದೆ, ಮದ್ಯದಂತಹ ವಾಸನೆಯೂ ಬರುತ್ತಿದೆ. ಮೈ ಹುಷಾರಿದೆಯೇ? ಏನಾದರೂ ಔಷಧಿ ತೆಗೆದುಕೊಂಡಿದ್ದೀರಾ?’ ಆಮೇಲೆ ಸುಮ್ಮನಿದ್ದು, ಅವರ ಉತ್ತರವನ್ನು ಪೂರ್ತಿ ಕೇಳಿಸಿಕೊಳ್ಳಿ. ‘ಕುಡುಕ’, ‘ಚಟ’ ಎಂಬ ಪದಗಳು ನಿಮ್ಮ ಬಾಯಲ್ಲಾಗಲಿ, ಬರಹದಲ್ಲಾಗಲಿ ಬರಬಾರದು. ಗಂಟೆ, ಸ್ಥಳ, ಕಂಡದ್ದು, ಅವರು ಹೇಳಿದ್ದು, ಇಷ್ಟನ್ನು ಅಂದೇ ಬರೆದಿಡಿ. ಉಸಿರಿನ ಪರೀಕ್ಷೆಯನ್ನು ಸಂಸ್ಥೆಯ ಲಿಖಿತ ನಿಯಮದಲ್ಲಿದ್ದರೆ ಮಾತ್ರ, ಅದು ಹೇಳುವ ಕ್ರಮದಲ್ಲೇ ಮಾಡಿಸಬೇಕು. ಅವರು ತಾವೇ ವಾಹನ ಓಡಿಸಿಕೊಂಡು ಮನೆಗೆ ಹೋಗಲು ಬಿಡಬೇಡಿ.

ಮರುದಿನ, ಅವರು ಸ್ವಸ್ಥರಾಗಿರುವಾಗ, ನಿಜವಾದ ಮಾತುಕತೆ ನಡೆಸಿ. ಕುಡಿತವನ್ನು ಒಪ್ಪಿಕೊಂಡರೆ ವೈದ್ಯರ ಭೇಟಿಗೆ ರಜೆ ಕೊಡಿ, ಆದರೆ ‘ನಾಳೆಯಿಂದ ಒಂದು ಹನಿಯೂ ಬೇಡ’ ಎಂಬ ಆಣೆಯನ್ನು ದಯವಿಟ್ಟು ಮಾಡಿಸಬೇಡಿ. ದೇಹ ಮದ್ಯಕ್ಕೆ ಪೂರ್ತಿ ಒಗ್ಗಿಹೋದವರು ವೈದ್ಯರ ನಿಗಾ ಇಲ್ಲದೆ ಹಠಾತ್ತನೆ ಬಿಟ್ಟರೆ ಫಿಟ್ಸ್ ಬರಬಹುದು, ಜೀವಕ್ಕೇ ಅಪಾಯವಾಗಬಹುದು. ನಿರಾಕರಿಸಿದರೆ ಒತ್ತಾಯಿಸದೆ, ಕೆಲಸದಲ್ಲಿ ಏನು ಸರಿಯಾಗಬೇಕು, ಮತ್ತೆ ಯಾವ ದಿನ ಪರಿಶೀಲಿಸುತ್ತೀರಿ ಎಂಬುದನ್ನು ಬರೆದುಕೊಡಿ. ಸಹೋದ್ಯೋಗಿಗಳು ವಿಚಾರಿಸಿದರೆ ‘ಇಂದು ಅವರು ಬೇರೆ ಕೆಲಸದಲ್ಲಿದ್ದಾರೆ’ ಅಥವಾ ‘ರಜೆಯಲ್ಲಿದ್ದಾರೆ’ ಎಂಬುದಕ್ಕಿಂತ ಹೆಚ್ಚಿನದನ್ನು ಹೇಳುವ ಹಕ್ಕು ನಿಮಗಿಲ್ಲ.