ಚಾನೆಲ್ಲಿನ ಸೇರಿದ ದಿನಾಂಕ ಹೇಳುವುದೇನು?

ಯೂಟ್ಯೂಬ್ ಚಾನೆಲ್ಲಿನ ಅಬೌಟ್ ವಿವರ ನೋಡಿ ಅದರ ಹಿಂದಿನ ಕಥೆ ತಿಳಿಯಬಹುದೇ?

ಸ್ವಲ್ಪಮಟ್ಟಿಗೆ ತಿಳಿಯಬಹುದು. ಅಲ್ಲಿರುವ ‘Joined’ ದಿನಾಂಕವು ಚಾನೆಲ್ ತೆರೆದ ದಿನವೇ ಹೊರತು ಮೊದಲ ವಿಡಿಯೊ ಹಾಕಿದ ದಿನವಲ್ಲ. ಹೆಸರು ಎಷ್ಟು ಸಲ ಬದಲಾದರೂ ಅದು ಬದಲಾಗುವುದಿಲ್ಲ. ಆದ್ದರಿಂದ ವಿಡಿಯೊಗಳನ್ನು ‘Oldest’ ಕ್ರಮದಲ್ಲಿಟ್ಟು ಹೋಲಿಸಬೇಕು. ಸೇರಿದ್ದು 2013ರಲ್ಲಿ, ಕಾಣುವ ಮೊದಲ ವಿಡಿಯೊ 2023ರದ್ದು ಎಂದಿಟ್ಟುಕೊಳ್ಳಿ: ಖಾತೆ ಹತ್ತು ವರ್ಷ ಸುಮ್ಮನಿದ್ದಿರಬಹುದು, ಇಲ್ಲವೇ ಹಳೆಯ ವಿಡಿಯೊಗಳನ್ನು ಅಳಿಸಿ, ಕೆಲವೊಮ್ಮೆ ಚಾನೆಲ್ಲನ್ನೇ ಕೈಬದಲಿಸಿ, ಹೊಸ ವಿಷಯ ಆರಂಭಿಸಿರಬಹುದು. ಚಂದಾದಾರರು ಲಕ್ಷಗಟ್ಟಲೆ ಇದ್ದು ಒಟ್ಟು ವೀಕ್ಷಣೆ ತೀರಾ ಕಡಿಮೆಯಿದ್ದರೆ ನನಗೆ ಎರಡನೆಯದರ ಮೇಲೇ ಅನುಮಾನ. ಆಗ ಅಲ್ಲಿ ಕೊಟ್ಟಿರುವ ಜಾಲತಾಣದ ಕೊಂಡಿಯನ್ನೂ ಚಾನೆಲ್ಲಿನ ವಿಳಾಸವನ್ನೂ ಹಳೆಯ ಜಾಲಪುಟಗಳ ಪ್ರತಿ ಉಳಿಸಿಡುವ web.archive.org ನಲ್ಲಿ ಹಾಕಿ. ಹಳೆಯ ಪ್ರತಿ ಉಳಿದಿದ್ದರೆ ಹಿಂದಿನ ಹೆಸರು, ವಿಡಿಯೊ ಶೀರ್ಷಿಕೆಗಳು ಕಣ್ಣಿಗೆ ಬೀಳುತ್ತವೆ.