‘ಖಚಿತ ಆದಾಯ’ ಎಂದು ಅಚ್ಚು ಹಾಕಿಸುವ ಮೊದಲು

ಶಿವಮೊಗ್ಗದಲ್ಲಿ ತಿಂಡಿ-ಕಾಫಿ ಅಂಗಡಿ ನಡೆಸುವ ಗಂಡ-ಹೆಂಡತಿ ಇಬ್ಬರೂ ಒಟ್ಟಿಗೆ ಬಂದಿದ್ದರು. ಅವರ ಗುರುತು ಸಿಗದಿರಲೆಂದು ಕೆಲವು ವಿವರ ಮತ್ತು ಅಂಕಿಗಳನ್ನು ಬದಲಿಸಿದ್ದೇನೆ. ಲೆಕ್ಕ ಎಲ್ಲಿ ತಪ್ಪಿತ್ತು ಎಂಬುದು ಮಾತ್ರ ಇದ್ದದ್ದು ಇದ್ದ ಹಾಗೆಯೇ ಇದೆ.

ಅವರು ತಮ್ಮ ಅಂಗಡಿಯ ಫ್ರಾಂಚೈಸಿ ಕೊಡಲು ಹೊರಟಿದ್ದರು. ಬಣ್ಣದ ಬ್ರೋಷರ್‌ನ ಮಾದರಿ ಪ್ರತಿ ಕೈಯಲ್ಲಿತ್ತು. ಮೊದಲ ಪುಟದಲ್ಲೇ ದೊಡ್ಡ ಅಕ್ಷರದಲ್ಲಿ ಹೀಗಿತ್ತು: ‘10 ಲಕ್ಷ ಹೂಡಿ, ತಿಂಗಳಿಗೆ 1 ಲಕ್ಷಕ್ಕೂ ಹೆಚ್ಚು ಖಚಿತ ಆದಾಯ ಪಡೆಯಿರಿ. 10 ತಿಂಗಳಲ್ಲಿ ಹಣ ವಾಪಸ್. 4 ಯಶಸ್ವಿ ಮಳಿಗೆಗಳು.’ ಹೊಸನಗರ ಕಡೆಯ ನಿವೃತ್ತ ಮೇಷ್ಟ್ರೊಬ್ಬರು ಮಗನಿಗಾಗಿ ಹಣ ಹಾಕಲು ಮುಂದೆ ಬಂದಿದ್ದರು. ಅವರಿಗೆ ಕೊಡುವ ಮೊದಲು ‘ಕಾನೂನಿನ ಪ್ರಕಾರ ಒಂದು ಸಣ್ಣಕ್ಷರದ ಸಾಲು ಸೇರಿಸಿಕೊಡಿ ಸರ್’ ಎಂಬುದಷ್ಟೇ ಇವರ ಕೋರಿಕೆ.

ಸಣ್ಣಕ್ಷರದಿಂದ ಕೆಲಸ ಆಗುವುದಿಲ್ಲ ಎಂದೆ. ಮೇಲೆ ‘ಖಚಿತ’ ಎಂದು ಹೇಳಿ ಕೆಳಗೆ ‘ಆದಾಯ ಬದಲಾಗಬಹುದು’ ಎಂದರೆ ಎರಡರಲ್ಲಿ ಒಂದು ಸುಳ್ಳು. ಫ್ರಾಂಚೈಸಿಗೆಂದೇ ನಮ್ಮ ದೇಶದಲ್ಲಿ ಪ್ರತ್ಯೇಕ ಕಾಯ್ದೆ ಇಲ್ಲ, ನಿಜ. ಆದರೆ 1872ರ ಕರಾರು ಕಾಯ್ದೆ ಇದೆ. ತಪ್ಪು ಮಾಹಿತಿ ನಂಬಿ ಸಹಿ ಹಾಕಿದವನು ಆ ಕರಾರನ್ನೇ ರದ್ದು ಮಾಡಿ ಎಂದು ಕೇಳಬಹುದು. ಅಮೆರಿಕದಲ್ಲಿ ಫ್ರಾಂಚೈಸಿ ಕೊಡುವವರು ಗಳಿಕೆಯ ಅಂಕಿ ಹೇಳಬೇಕೆಂದರೆ ಅದಕ್ಕೆ ತಕ್ಕ ಆಧಾರ ಇರಬೇಕು, ಕೇಳಿದವರಿಗೆ ಅದನ್ನು ಬರಹದಲ್ಲಿ ತೋರಿಸಬೇಕು ಎಂಬ ನಿಯಮವೇ ಇದೆ. ಇಲ್ಲಿ ಯಾರೂ ಕೇಳದಿದ್ದರೂ ನಾವು ಅದನ್ನೇ ಪಾಲಿಸೋಣ ಎಂದೆ. ಅವರು ಒಪ್ಪಿದರು.

‘ಈ ಒಂದು ಲಕ್ಷ ಎಲ್ಲಿಂದ ಬಂತು?’ ಎಂದು ಕೇಳಿದೆ.

ಅವರು ಉದ್ದನೆಯ ಲೆಕ್ಕದ ಪುಸ್ತಕ ತೆಗೆದು ಡಿಸೆಂಬರ್ ಪುಟ ತೋರಿಸಿದರು. ವ್ಯಾಪಾರ 3,60,000. ದಿನಸಿ, ಹಾಲು, ತರಕಾರಿಗೆ 1,44,000. ಮೂವರು ಕೆಲಸದವರ ಸಂಬಳ 60,000. ಗ್ಯಾಸ್, ಕರೆಂಟು, ನೀರಿಗೆ 24,000. ಪ್ಯಾಕಿಂಗ್ ಮತ್ತು ಚಿಲ್ಲರೆ ಖರ್ಚು 18,000. ಉಳಿದದ್ದು 1,14,000. ಪುಸ್ತಕದ ವ್ಯಾಪಾರ ನಿಜವೇ ಎಂದು ನೋಡಲು ಹಾಲಿನ ಬಿಲ್ ತರಿಸಿದೆ. ಅವರ ಲೋಟದಲ್ಲಿ ಒಂದು ಲೀಟರ್ ಹಾಲಿಗೆ ಹನ್ನೆರಡು ಕಾಫಿ ಬರುತ್ತದೆ. ಹಾಲಿನ ಲೀಟರಿನಿಂದ ಲೆಕ್ಕ ಹಾಕಿದ ಕಾಫಿಗೂ ಪುಸ್ತಕದಲ್ಲಿದ್ದ ಕಾಫಿಗೂ ತಾಳೆಯಾಯಿತು. ಯುಪಿಐ ಜಮಾ ಮತ್ತು ಜಿಎಸ್‌ಟಿಗೆ ಸಲ್ಲಿಸಿದ ಲೆಕ್ಕವೂ ಹೊಂದಿದವು. ಇದನ್ನು ನಾನು ಯಾವಾಗಲೂ ಮೊದಲೇ ಮಾಡುತ್ತೇನೆ. ತೆರಿಗೆಗೆ ಒಂದು ಅಂಕಿ, ಹೂಡಿಕೆದಾರರಿಗೆ ಇನ್ನೊಂದು ಅಂಕಿ ಇದ್ದರೆ, ಎರಡನೆಯದನ್ನು ಅಚ್ಚು ಹಾಕಿಸುವ ಹಕ್ಕು ನಮಗಿಲ್ಲ.

ಅಂದರೆ 1,14,000 ಸುಳ್ಳಲ್ಲ. ಆದರೆ ಅದು ಮೇಷ್ಟ್ರ ಮಗನ ಅಂಗಡಿಯ ಅಂಕಿಯೂ ಅಲ್ಲ.

‘ಬಾಡಿಗೆ ಎಲ್ಲಿ ಬರೆದಿದ್ದೀರಿ?’ ಎಂದೆ. ಕಟ್ಟಡ ಸ್ವಂತದ್ದು, ಬಾಡಿಗೆ ಇಲ್ಲ. ಅಂಥ ಜಾಗಕ್ಕೆ ಹೊರಗಿನವರು 25,000 ಕೊಡಬೇಕು. ‘ಗಲ್ಲಾಪೆಟ್ಟಿಗೆ ಮೇಲೆ ಯಾರು ಕೂರುತ್ತಾರೆ?’ ಅದು ಅವರೇ. ಅಷ್ಟರಲ್ಲಿ ಅಲ್ಲಿಯವರೆಗೆ ಸುಮ್ಮನಿದ್ದ ಅವರ ಹೆಂಡತಿ ಪುಸ್ತಕವನ್ನು ತಮ್ಮ ಕಡೆ ತಿರುಗಿಸಿಕೊಂಡರು. ‘ಬೆಳಗ್ಗೆ ನಾಲ್ಕಕ್ಕೆ ಎದ್ದು ಚಟ್ನಿ, ಸಾಂಬಾರ್, ಕಡುಬು ಎಲ್ಲ ನಾನೇ ಮಾಡ್ತೀನಿ ಸರ್. ಇದರಲ್ಲಿ ನನ್ನ ಸಂಬಳ ಬರ್ದೇ ಇಲ್ವಲ್ಲ’ ಎಂದರು. ಗಂಡ ಸ್ವಲ್ಪ ಹೊತ್ತು ಮಾತಾಡಲಿಲ್ಲ.

ಅವರಿಬ್ಬರ ಜಾಗಕ್ಕೆ ಆಳು ಇಟ್ಟರೆ ಒಬ್ಬ ಮ್ಯಾನೇಜರಿಗೆ 18,000, ಅಡುಗೆಯವರೊಬ್ಬರಿಗೆ 14,000. ಫ್ರಾಂಚೈಸಿ ಪಡೆದವರು ಇವರಿಗೇ ಕೊಡಬೇಕಾದ ಶೇ. 5 ರಾಯಲ್ಟಿ 18,000. ಅದರ ಮೇಲಿನ ಶೇ. 18 ಜಿಎಸ್‌ಟಿ 3,240. ಶೇ. 5 ತೆರಿಗೆ ಹಾಕುವ ಹೋಟೆಲಿಗೆ ಇದು ಹೂಡುವಳಿ ತೆರಿಗೆಯಾಗಿ ವಾಪಸ್ ಸಿಗುವುದಿಲ್ಲ, ಖರ್ಚಾಗಿಯೇ ಹೋಗುತ್ತದೆ. ಎಲ್ಲ ಕಳೆದರೆ ಅದೇ ಡಿಸೆಂಬರಿನಲ್ಲಿ ಉಳಿಯುವುದು 35,760.

ಅದೂ ವರ್ಷದ ಅತ್ಯುತ್ತಮ ತಿಂಗಳು. ಜುಲೈ ಪುಟ ತೆರೆದೆವು. ಹಗಲೂ ರಾತ್ರಿ ಮಳೆ ಹೊಡೆಯುವಾಗ ಸಂಜೆ ತಿಂಡಿಗೆ ಯಾರು ಬರುತ್ತಾರೆ? ವ್ಯಾಪಾರ 2,20,000ಕ್ಕೆ ಇಳಿದಿತ್ತು. ಬಾಡಿಗೆ, ಸಂಬಳ ಮಳೆ ನೋಡಿ ಕಮ್ಮಿಯಾಗುವುದಿಲ್ಲ. ಅದೇ ಖರ್ಚುಗಳನ್ನು ಹಾಕಿದಾಗ ಸುಮಾರು 33,000 ನಷ್ಟ ಬಂತು. ಹನ್ನೆರಡು ತಿಂಗಳ ಸರಾಸರಿ ವ್ಯಾಪಾರ 3,00,000. ಆ ಲೆಕ್ಕದಲ್ಲಿ, ಆಳಿಟ್ಟು ನಡೆಸಿದರೆ ತಿಂಗಳಿಗೆ 6,300 ಉಳಿಯುತ್ತದೆ. ಹಾಕಿದ 10 ಲಕ್ಷ ಬರಲು ಹದಿಮೂರು ವರ್ಷದ ಮೇಲೆ ಬೇಕು. ಮಾಲೀಕನೇ ಮ್ಯಾನೇಜರಾಗಿ ನಿಂತರೆ ಮಾತ್ರ ಅದು 24,300 ಆಗುತ್ತದೆ.

ಇಲ್ಲಿಗೆ ನನಗೆ ವಿಷಯ ಸ್ಪಷ್ಟವಾಯಿತು. ಇವರು ಮಾರುತ್ತಿದ್ದದ್ದು ಒಂದು ದುಡಿಮೆ. ಬ್ರೋಷರ್ ಅದನ್ನು ಬ್ಯಾಂಕಿನ ಎಫ್‌ಡಿಯ ಹಾಗೆ ತೋರಿಸುತ್ತಿತ್ತು. ಅಂಕಿಯನ್ನು ಒಂದಿಷ್ಟು ಇಳಿಸಿದರೂ ಈ ತಪ್ಪು ಹಾಗೇ ಉಳಿಯುತ್ತಿತ್ತು. ‘ಹೂಡಿ, ಪಡೆಯಿರಿ’ ಎಂಬ ಎರಡು ಕ್ರಿಯಾಪದಗಳ ನಡುವೆ ‘ದುಡಿಯಿರಿ’ ಎಂಬುದೇ ಇರಲಿಲ್ಲ.

‘4 ಯಶಸ್ವಿ ಮಳಿಗೆ’ಯ ವಿಚಾರವೂ ಇತ್ತು. ಭದ್ರಾವತಿಯದು ಹದಿನಾಲ್ಕು ತಿಂಗಳಿಗೆ ಮುಚ್ಚಿತ್ತು. ಸಾಗರದ್ದು ತೆರೆದು ಏಳು ತಿಂಗಳಷ್ಟೇ. ಬಾಡಿಗೆ ಕಟ್ಟಿ, ಮಾಲೀಕರಲ್ಲದವರು ನಡೆಸುವ, ವರ್ಷ ತುಂಬಿದ ಅಂಗಡಿ ಎಂದರೆ ತೀರ್ಥಹಳ್ಳಿಯದು ಒಂದೇ. ಅಲ್ಲಿ ಸಂಬಂಧಿಕರೊಬ್ಬರು ದಿನವಿಡೀ ನಿಲ್ಲುತ್ತಾರೆ. ರಾಯಲ್ಟಿ ಕಳೆದು ತಿಂಗಳಿಗೆ ಸರಾಸರಿ 21,000 ಉಳಿದಿದೆ, ಎರಡು ತಿಂಗಳು ನಷ್ಟವಾಗಿದೆ. ಮೇಷ್ಟ್ರಿಗೆ ತೋರಿಸಬೇಕಾದ ಅತಿ ಹತ್ತಿರದ ಸಾಕ್ಷಿ ಇದೇ. ಬ್ರೋಷರಿನಲ್ಲಿ ಅದೇ ಇರಲಿಲ್ಲ.

ಮೂರನೆಯ ಭೇಟಿಯಲ್ಲಿ ಹಳೆಯ ಸಾಲುಗಳನ್ನು ಒಂದೊಂದಾಗಿ ಹೊಡೆದು ಹೊಸದಾಗಿ ಬರೆದೆವು. ‘ಖಚಿತ’ ಎಂಬ ಪದ ಪೂರ್ತಿ ಹೋಯಿತು. ಕೊನೆಗೆ ನಿಂತದ್ದು ಹೀಗೆ:

‘ಇದುವರೆಗೆ 4 ಅಂಗಡಿ ತೆರೆದಿದ್ದೇವೆ; 3 ನಡೆಯುತ್ತಿವೆ, 1 ಹದಿನಾಲ್ಕು ತಿಂಗಳಿಗೆ ಮುಚ್ಚಿದೆ. ವರ್ಷ ತುಂಬಿ ನಡೆಯುತ್ತಿರುವ 2 ಅಂಗಡಿಗಳ ಕಳೆದ 12 ತಿಂಗಳ ಲೆಕ್ಕ ಇದು. ಬಾಡಿಗೆ ಅಂಗಡಿಯಲ್ಲಿ, ನಡೆಸುವವರೇ ದಿನವಿಡೀ ನಿಂತು, ರಾಯಲ್ಟಿ ಕಳೆದ ಮೇಲೆ ತಿಂಗಳಿಗೆ ಸರಾಸರಿ 21,000 ಉಳಿದಿದೆ. ನಮ್ಮ ಸ್ವಂತ ಅಂಗಡಿಗೆ ಬಾಡಿಗೆ, ರಾಯಲ್ಟಿ, ಅಡುಗೆಯವರ ಸಂಬಳ ಸೇರಿಸಿ ನೋಡಿದರೆ ಅದು 24,300 ಆಗುತ್ತದೆ. ಇದರಲ್ಲಿ ನಿಮ್ಮ ದುಡಿಮೆಯ ಕೂಲಿಯೂ ಸೇರಿದೆ. ಸಾಲದ ಬಡ್ಡಿ, ಪಾತ್ರೆ-ಯಂತ್ರಗಳ ಸವಕಳಿ ಕಳೆದಿಲ್ಲ. ಮಳೆಗಾಲದಲ್ಲಿ ನಷ್ಟದ ತಿಂಗಳುಗಳು ಇರುತ್ತವೆ. ಮೂಲ ಲೆಕ್ಕದ ಪುಸ್ತಕ, ಬಿಲ್ಲುಗಳನ್ನು ಸಹಿಗೆ ಮೊದಲು ನೋಡಬಹುದು.’

ಹಣ ವಾಪಸಾಗುವ ಅವಧಿಯನ್ನೂ ಹಾಕಬೇಕೆಂದು ಗಂಡ ಹಟ ಹಿಡಿದರು. ಹಾಕೋಣ, ಆದರೆ ಷರತ್ತಿನೊಂದಿಗೆ ಎಂದೆ. ‘ಮನೆಖರ್ಚಿಗೆ ಏನೂ ತೆಗೆಯದಿದ್ದರೆ ಸುಮಾರು ಮೂರೂವರೆಯಿಂದ ನಾಲ್ಕು ವರ್ಷ’ ಎಂದು ಬರೆದಾಗ ಅವರೇ ಓದಿ, ‘ಮನೆಖರ್ಚಿಗೆ ತೆಗೀದೆ ಯಾರು ಬದುಕ್ತಾರೆ ಸರ್’ ಎಂದು ಆ ಸಾಲನ್ನು ಹೊಡೆದರು.

ನಾನು ಕೊಟ್ಟ ಇನ್ನೊಂದು ಸಲಹೆ ಅವರಿಗೆ ಕಷ್ಟವಾಯಿತು. ಸಾಗರದ ಅಂಗಡಿ ಒಂದು ಪೂರ್ತಿ ಮಳೆಗಾಲ ದಾಟಿ ವರ್ಷ ತುಂಬುವವರೆಗೆ ಹೊರಗಿನವರಿಂದ ಮುಂಗಡ ಪಡೆಯಬೇಡಿ, ಶೇ. 5 ರಾಯಲ್ಟಿಯನ್ನು ನಷ್ಟದ ತಿಂಗಳಲ್ಲಿ ಬಿಡಲು ಆಗುತ್ತದೆಯೇ ಯೋಚಿಸಿ ಎಂದಿದ್ದೆ. ರಾಯಲ್ಟಿಯ ವಿಚಾರಕ್ಕೆ ಒಪ್ಪಿ ಕರಾರಿನಲ್ಲಿ ಸೇರಿಸಿದರು. ಮುಂಗಡದ ಬಗ್ಗೆ ಇನ್ನೂ ಮಾತು ನಡೆಯುತ್ತಿದೆ.

ಹೊಸ ಪುಟವನ್ನು ಮೇಷ್ಟ್ರಿಗೆ ತಲುಪಿಸಿದರು. ಅವರು ಪೆನ್ಸಿಲಿನಲ್ಲಿ ‘ದಿನವಿಡೀ ನಿಂತು’ ಎಂಬಲ್ಲಿ ಗೆರೆ ಎಳೆದು ಮಗನ ಮುಂದಿಟ್ಟರಂತೆ. ಹಣದ ಮಾತು ಆಮೇಲೆ, ಮೊದಲು ಜುಲೈನಲ್ಲಿ ಹದಿನೈದು ದಿನ ಶಿವಮೊಗ್ಗದ ಅಂಗಡಿಯಲ್ಲಿ ಬೆಳಗ್ಗೆ ನಾಲ್ಕರಿಂದ ನಿಂತು ನೋಡುತ್ತೇನೆ ಎಂದು ಮಗ ಹೇಳಿ ಕಳಿಸಿದ್ದಾನೆ.