ಸಿಟಿಸಿ ನೋಡಿ ಪಿಟಿ ಹಾಕಬೇಡಿ, ಫೆಬ್ರವರಿಯ 300 ಮರೆಯಬೇಡಿ

ಪ್ರಶ್ನೆ: "ನನ್ನ ಸಿಟಿಸಿ 3,24,000. ತಿಂಗಳಿಗೆ 27,000 ಆಯ್ತು, ಅಂದ್ರೆ 25,000 ದಾಟಿದೆ. ಬೇಸಿಕ್ 15,000. ವರ್ಷದ ಪಿಟಿ ಅಂದ್ರೆ ವೃತ್ತಿ ತೆರಿಗೆ 2,500ನ್ನ 12ರಿಂದ ಭಾಗಿಸಿ ತಿಂಗಳಿಗೆ 208.33 ಅಂತ ಶೀಟ್‌ನಲ್ಲಿ ಹಾಕಿದ್ದೀನಿ. ಆದ್ರೆ ಸ್ಲಿಪ್‌ನಲ್ಲಿ ಕೆಲವು ತಿಂಗಳು ಸೊನ್ನೆ, ಶಿಫ್ಟ್ ಅಲೋಯನ್ಸ್ 900 ಬಂದ ತಿಂಗಳು 200, ಫೆಬ್ರವರಿಯಲ್ಲಿ 300. ಪೀಣ್ಯದ ನಮ್ಮ ಅಕೌಂಟ್ಸ್‌ನವರು ತಪ್ಪು ಮಾಡಿದ್ದಾರಾ? ಕಟ್ ಆಗಿದ್ದು ಐಟಿ ರಿಟರ್ನ್‌ನಲ್ಲಿ ವಾಪಸ್ ಬರುತ್ತಾ?"

ಸರ್, ನಿಮ್ಮ ಅಕೌಂಟ್ಸ್‌ನವರ ಲೆಕ್ಕ ಸರಿಯಾಗೇ ಇದೆ. ತಪ್ಪಿರೋದು ಶೀಟ್‌ನಲ್ಲಿ, ಅದೂ ಎರಡು ಕಡೆ. ಇಂಥದ್ದೇ ಶೀಟ್ ಈ ಗುಂಪಿನಲ್ಲಿ ಪ್ರತಿ ಏಪ್ರಿಲ್‌ಗೆ ಒಮ್ಮೆ ಓಡಾಡುತ್ತೆ. ದಯವಿಟ್ಟು ಇದನ್ನ ಯಾರಿಗೂ ಫಾರ್ವರ್ಡ್ ಮಾಡಬೇಡಿ.

ಮೊದಲು ಸಿಟಿಸಿ. ಅದನ್ನ 12ರಿಂದ ಭಾಗಿಸಿ ಪಿಟಿ ಸ್ಲ್ಯಾಬ್ ಹುಡುಕೋದನ್ನ ಇವತ್ತೇ ನಿಲ್ಲಿಸಿ ಸ್ವಾಮಿ. ಪಿಟಿ ಶುರುವಾಗೋ 25,000ದ ಗಡಿ ಇರೋದು ಆ ತಿಂಗಳ ಗ್ರಾಸ್‌ಗೆ, ಕಂಪನಿ ನಿಮ್ಮ ಮೇಲೆ ಮಾಡೋ ಒಟ್ಟು ಖರ್ಚಿಗಲ್ಲ. ನಿಮ್ಮ 27,000ದಲ್ಲಿ ಕಂಪನಿ ಪಾಲಿನ ಪಿಎಫ್ ಕೂತಿದೆ. 15,000 ಬೇಸಿಕ್‌ಗೆ ಶೇ. 12 ಅಂದ್ರೆ 1,800, ಅದರ ಜೊತೆ ಪಿಎಫ್‌ನ ಜೀವ ವಿಮೆ ಇಡಿಎಲ್‌ಐಗೆ 75, ಆಡಳಿತ ಶುಲ್ಕ 75, ಒಟ್ಟು 1,950. ಗ್ರಾಚ್ಯುಟಿಗೆ ಅಂತ ಬೇಸಿಕ್‌ನ ಶೇ. 4.81 ತೆಗೆದಿಟ್ಟಿದ್ರೆ ಅದು 721. ಇವೆರಡನ್ನೂ ಕಳೆದ್ರೆ ಉಳಿಯೋದು 24,329. ಸ್ಲಿಪ್‌ನ ಎಡಗಡೆ ಗಳಿಕೆಯ ಕಾಲಮ್ ಕೆಳಗೆ ಇದೇ ಅಂಕಿ ಇರಬೇಕು, ಒಮ್ಮೆ ತೆಗೆದು ನೋಡಿ. 24,329 ಅಂದ್ರೆ 25,000ಕ್ಕಿಂತ ಕಡಿಮೆ, ಹಾಗಾಗಿ ಆ ತಿಂಗಳು ಪಿಟಿ ಸೊನ್ನೆ. ಶಿಫ್ಟ್ ಅಲೋಯನ್ಸ್ 900 ಸೇರಿದ ತಿಂಗಳು ಗ್ರಾಸ್ 25,229, ಗಡಿ ದಾಟಿತು, 200 ಕಟ್. ಅಷ್ಟೇ ವಿಷಯ.

ಗ್ರಾಸ್ ಅಂದ ತಕ್ಷಣ ಕೈಗೆ ಬರೋ ದುಡ್ಡು ಅಂದ್ಕೊಂಡು ಎಡವೋರೂ ಇದ್ದಾರೆ. ಪಿಎಫ್ ಕಳೆದು ಬ್ಯಾಂಕಿಗೆ 23,000 ಬೀಳ್ತಿದೆ, ಆದರೂ ಪಿಟಿ ಯಾಕೆ ಕಟ್ ಮಾಡಿದ್ರು ಅಂತ ಕೇಳ್ತಾರೆ. ಕಡಿತಕ್ಕೆ ಮುಂಚಿನ ಮೊತ್ತವನ್ನೇ ನೋಡಬೇಕು. ಬೇಸಿಕ್, ಡಿಎ, ಎಚ್‌ಆರ್‌ಎ, ಅಲೋಯನ್ಸ್‌ಗಳು ಎಲ್ಲ ಅದರಲ್ಲಿ ಸೇರುತ್ತವೆ.

ಇನ್ನು 208.33. ಕರ್ನಾಟಕದಲ್ಲಿ ವೃತ್ತಿ ತೆರಿಗೆ ವರ್ಷದ ಲೆಕ್ಕದಲ್ಲಿ ಹುಟ್ಟಿ ತಿಂಗಳಿಗೆ ಹಂಚಿಕೆ ಆಗೋದಲ್ಲ. ಪ್ರತಿ ತಿಂಗಳೂ ಹೊಸದಾಗಿ ತೀರ್ಮಾನ ಆಗುತ್ತೆ. 25,000 ಅಥವಾ ಮೇಲೆ ಇದ್ರೆ 200, ಫೆಬ್ರವರಿಯಲ್ಲಿ ಮಾತ್ರ 300, ಕಡಿಮೆ ಇದ್ರೆ ಏನೂ ಇಲ್ಲ. ಹನ್ನೊಂದು ತಿಂಗಳ 2,200ಕ್ಕೆ 300 ಸೇರಿ 2,500. ಸಂವಿಧಾನದ 276ನೇ ವಿಧಿ ಒಬ್ಬರಿಂದ ವರ್ಷಕ್ಕೆ ಇದಕ್ಕಿಂತ ಜಾಸ್ತಿ ತಗೊಳ್ಳೋಕೆ ಬಿಡಲ್ಲ. ಅದಕ್ಕೇ 1 ಏಪ್ರಿಲ್ 2025ರಿಂದ ನಮ್ಮಲ್ಲಿ ಫೆಬ್ರವರಿಗೆ ಆ 100 ಸೇರಿಸಿದ್ದು. ಅದಕ್ಕೆ ಮುಂಚೆ ವರ್ಷಕ್ಕೆ 2,400 ಇತ್ತು. 25,000ದ ಗಡಿ ಬಂದಿದ್ದು 1 ಏಪ್ರಿಲ್ 2023ರಿಂದ, ಅದಕ್ಕೂ ಮೊದಲು 15,000 ಇತ್ತು. ಹಳೇ ಶೀಟ್ ಯಾರಾದ್ರೂ ಕಳಿಸಿದ್ರೆ ಮೊದಲು ಈ ಎರಡು ಅಂಕಿ ನೋಡಿ. 15,000 ಅಂತ ಇದ್ರೆ ಆ ಶೀಟ್ ಮುಟ್ಟಬೇಡಿ.

ನಿಮ್ಮ ಶೀಟ್‌ಗೆ ಬೇಕಾದ ಸೂತ್ರ ಇದು. A ಕಾಲಮ್‌ನಲ್ಲಿ ಸಂಬಳದ ತಿಂಗಳ ಯಾವುದಾದ್ರೂ ದಿನಾಂಕ, B ಕಾಲಮ್‌ನಲ್ಲಿ ಆ ತಿಂಗಳ ಗ್ರಾಸ್.

```
=IF(B2<25000,0,IF(MONTH(A2)=2,300,200))
```

A2ನಲ್ಲಿ ಸಂಬಳ ಬ್ಯಾಂಕಿಗೆ ಬಿದ್ದ ದಿನಾಂಕ ಹಾಕಬೇಡಿ. ಜನವರಿ ಸಂಬಳ ಫೆಬ್ರವರಿ 1ಕ್ಕೆ ಬಂದ್ರೆ ಅದು ಜನವರಿಯ ಲೆಕ್ಕ, 200. ಫೆಬ್ರವರಿ ಸಂಬಳ ಮಾರ್ಚ್ ಮೊದಲ ವಾರ ಬಂದ್ರೂ 300 ಅದಕ್ಕೇ.

ಈ ಸೂತ್ರ ನಿಮ್ಮ ವರ್ಷಕ್ಕೆ ಹಾಕಿ ನೋಡೋಣ. ಶಿಫ್ಟ್ ಅಲೋಯನ್ಸ್ ಆಗಸ್ಟ್, ಸೆಪ್ಟೆಂಬರ್, ಡಿಸೆಂಬರ್, ಫೆಬ್ರವರಿ, ಮಾರ್ಚ್‌ನಲ್ಲಿ ಬಂತು ಅಂದ್ಕೊಳ್ಳಿ. ನಾಲ್ಕು ತಿಂಗಳು 200ರಂತೆ 800, ಫೆಬ್ರವರಿಯ 300, ಒಟ್ಟು 1,100. ಶೀಟ್‌ನಲ್ಲಿ ನೀವು ಬರೆದಿದ್ದು 2,500. ಕೈಗೆ ಬರೋದು ಹೀಗಿರುತ್ತೆ: ಮಾಮೂಲಿ ತಿಂಗಳು 24,329ರಲ್ಲಿ ನಿಮ್ಮ ಪಾಲಿನ ಪಿಎಫ್ 1,800 ಹೋಗಿ 22,529. ಅಲೋಯನ್ಸ್ ಬಂದ ತಿಂಗಳು 25,229ರಲ್ಲಿ 1,800, 200 ಎರಡೂ ಹೋಗಿ 23,229. ಅಂದ್ರೆ 900 ಸಿಕ್ಕಿದ್ರೂ ಕೈಗೆ ಸೇರಿದ್ದು 700, ಫೆಬ್ರವರಿಯಲ್ಲಿ 600. ನಿಮ್ಮಲ್ಲಿ ಪಿಎಫ್ 15,000ದ ಮಿತಿಗೆ ಕಟ್ ಆಗ್ತಿದೆ ಅಂತ ಹಿಡಿದು ಮಾಡಿದ ಲೆಕ್ಕ ಇದು. ಡಿಸೆಂಬರ್‌ನಲ್ಲಿ ಕಾರ್ಮಿಕ ಕಲ್ಯಾಣ ನಿಧಿಗೆ ಒಂದು ಸಣ್ಣ ಮೊತ್ತ ಬೇರೆ ಹೋಗುತ್ತೆ, ಅದನ್ನ ಸೇರಿಸಿಲ್ಲ. ಅದನ್ನ ಪಿಟಿ ಅಂದ್ಕೊಂಡು ಗಾಬರಿ ಆಗಬೇಡಿ.

ಗಡಿಯ ಹತ್ತಿರ ಇರೋರು ಇನ್‌ಕ್ರಿಮೆಂಟ್ ಮಾತಾಡುವಾಗ ಇದನ್ನ ತಲೆಯಲ್ಲಿ ಇಟ್ಕೊಳ್ಳಲೇಬೇಕು. ಪಿಟಿಗೆ 25,000ದ ಮೇಲಿನ ಮೊತ್ತಕ್ಕೆ ಮಾತ್ರ ತೆರಿಗೆ ಅನ್ನೋ ಲೆಕ್ಕ ಇಲ್ಲ, ಗಡಿ ಮುಟ್ಟಿದ ಕೂಡಲೇ ಪೂರ್ತಿ 200. ಗ್ರಾಸ್ 24,900 ಇದ್ದವರಿಗೆ 100 ಹೆಚ್ಚಿಸಿ 25,000 ಮಾಡಿದ್ರೆ ಕೈಗೆ 100 ಕಡಿಮೆ ಬರುತ್ತೆ. 25,100 ಆದ್ರೆ ಹಳೇದಕ್ಕೆ ಸರಿಸಮ, ಫೆಬ್ರವರಿಯಲ್ಲಿ ಆಗಲೂ 100 ಕಡಿಮೆ. ಹಾಗಾಗಿ 25,000 ರೌಂಡ್ ಫಿಗರ್ ಮಾಡಿಕೊಡ್ತೀವಿ ಅಂದ್ರೆ ಖುಷಿಯಾಗಿ ಒಪ್ಕೋಬೇಡಿ, 25,500 ಕೇಳಿ. ಸಣ್ಣ ವರ್ಕ್‌ಶಾಪ್ ನಡೆಸೋರೂ ಇದನ್ನ ಗಮನಿಸಿ. ನಿಮ್ಮ ಹುಡುಗನಿಗೆ ಹೆಚ್ಚಿಸಿ ಕೊಟ್ಟ ತಿಂಗಳೇ ಅವನ ಕೈಗೆ ಕಡಿಮೆ ದುಡ್ಡು ಹೋದ್ರೆ ಅವನಿಗೆ ಬೇಜಾರಾಗೋದು ಸಹಜ.

ಈಗ ಐಟಿ. ಮೇಲೆ ಒಬ್ಬರು "ಪಿಟಿ ರಿಟರ್ನ್‌ನಲ್ಲಿ ಪೂರ್ತಿ ವಾಪಸ್ ಬರುತ್ತೆ, ನಾನು ಪ್ರತಿ ವರ್ಷ ಹಾಕ್ತೀನಿ" ಅಂತ ಬರೆದಿದ್ದಾರೆ. ಅರ್ಧ ಸರಿ. ಹಳೇ ರೆಜೀಮ್ ಆರಿಸಿಕೊಂಡವರು 2025-26ರವರೆಗಿನ ಸಂಬಳಕ್ಕೆ 1961ರ ಐಟಿ ಕಾಯ್ದೆಯ ಕಲಂ 16(iii)ರಲ್ಲಿ ಆ ವರ್ಷ ನಿಜವಾಗಿ ಕಟ್ಟಿದ ಪಿಟಿಯನ್ನ ಸಂಬಳದಿಂದ ಕಳೆಯಬಹುದು. ಕಳೆಯೋದು ಆದಾಯದಿಂದ, ತೆರಿಗೆಯಿಂದ ಅಲ್ಲ. ಶೇ. 20ರ ಸ್ಲ್ಯಾಬ್‌ನಲ್ಲಿ ಇರೋರು 2,500 ಕಳೆದ್ರೆ ಉಳಿಯೋದು 500, ಶೇ. 4ರ ಸೆಸ್ ಸೇರಿಸಿ 520. ಶೇ. 30ರವರಿಗೆ 780. ಪೂರ್ತಿ 2,500 ಯಾರಿಗೂ ವಾಪಸ್ ಬರಲ್ಲ. ಪಿಟಿ ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆಗೆ ಹೋಗೋ ದುಡ್ಡು, ಅದನ್ನ ಐಟಿ ಇಲಾಖೆ ಯಾಕೆ ಹಿಂತಿರುಗಿಸುತ್ತೆ? ಅದನ್ನ ಟಿಡಿಎಸ್ ಕಾಲಮ್‌ನಲ್ಲಿ ತುಂಬೋರೂ ಇದ್ದಾರೆ. ಟಿಡಿಎಸ್ ಲೆಕ್ಕ ತೋರಿಸೋ 26ಎಎಸ್‌ನಲ್ಲಿ ಆ ಮೊತ್ತ ಇರಲ್ಲ, ಹೊಂದಾಣಿಕೆ ಆಗ್ತಿಲ್ಲ ಅಂತ ನೋಟಿಸ್ ಬರುತ್ತೆ. 80ಸಿಗೂ ಇದಕ್ಕೂ ಸಂಬಂಧವೇ ಇಲ್ಲ.

ಹೊಸ ರೆಜೀಮ್‌ನಲ್ಲಿ 16(iii) ಸಿಗಲ್ಲ. ಅಲ್ಲಿ 75,000 ಸ್ಟ್ಯಾಂಡರ್ಡ್ ಡಿಡಕ್ಷನ್ ಇದೆ, ಪಿಟಿ ಕಳೆಯೋಕೆ ಅವಕಾಶ ಇಲ್ಲ. ನಿಮ್ಮ ಸಂಬಳಕ್ಕೆ ಅಲ್ಲಿ ಹೇಗೂ ಐಟಿ ಬರಲ್ಲ, ಹಾಗಾಗಿ ನಿಮ್ಮ ಮಟ್ಟಿಗೆ ಪಿಟಿ ಹೋದದ್ದು ಹೋದಂತೆ. ಅದನ್ನ ಟೇಕ್ ಹೋಮ್ ಲೆಕ್ಕದಲ್ಲಿ ಒಮ್ಮೆ ಕಳೆದು ಮರೆತುಬಿಡಿ. ಹಳೇ ರೆಜೀಮ್‌ನಲ್ಲಿ ಇರೋರು ಫಾರ್ಮ್ 16ರ ಭಾಗ ಬಿಯಲ್ಲಿ 16(iii) ಸಾಲಿನ ಅಂಕಿಯನ್ನ ಹನ್ನೆರಡು ಸ್ಲಿಪ್‌ಗಳ ಮೊತ್ತದ ಜೊತೆ ತಾಳೆ ನೋಡಿ. ಹನ್ನೆರಡೂ ತಿಂಗಳು ಗಡಿ ದಾಟಿದ್ದವರಿಗೆ 2,400 ಅಂತ ಬಂದ್ರೆ ಫೆಬ್ರವರಿಯ 100 ತಪ್ಪಿದೆ. 2,496 ಬಂದ್ರೆ ಸಾಫ್ಟ್‌ವೇರ್ 208ರಂತೆ ಹಂಚಿದೆ, ನಿಮ್ಮ ಶೀಟ್ ಮಾಡಿದ ಕೆಲಸವೇ ಅದು. ವರ್ಷದ ಮಧ್ಯೆ ಸೇರಿದವರು ತಮ್ಮ ತಿಂಗಳುಗಳನ್ನ ಮಾತ್ರ ಎಣಿಸಬೇಕು. ಜುಲೈನಲ್ಲಿ ಸೇರಿದ್ರೆ ಎಂಟು ತಿಂಗಳ 1,600, ಫೆಬ್ರವರಿಯ 300, ಒಟ್ಟು 1,900.

ಹೊಸೂರಿನಲ್ಲಿ ಕೆಲಸ ಮಾಡೋ ಸ್ನೇಹಿತರು ತಮಗೆ ಆರು ತಿಂಗಳಿಗೊಮ್ಮೆ ಒಟ್ಟಿಗೆ ಕಟ್ ಆಗುತ್ತೆ, ಕರ್ನಾಟಕದಲ್ಲಿ ಯಾಕೆ ತಿಂಗಳು ತಿಂಗಳು ಅಂತ ಕೇಳಿದ್ದಾರೆ. ಪ್ರಶ್ನೆಯೇ ಬೇರೆ, ಆದ್ರೂ ಹೇಳ್ತೀನಿ. ಅದು ತಮಿಳುನಾಡಿನ ಪದ್ಧತಿ, ಅಲ್ಲಿ ಸ್ಥಳೀಯ ಸಂಸ್ಥೆಗೆ ಅರ್ಧ ವರ್ಷದ ಲೆಕ್ಕದಲ್ಲಿ ಹೋಗುತ್ತೆ. ಮನೆ ಎಲೆಕ್ಟ್ರಾನಿಕ್ ಸಿಟಿಯಲ್ಲಿ ಇದ್ರೂ ಕೆಲಸದ ಜಾಗ ಹೊಸೂರು ಆದ್ರೆ ಅಲ್ಲಿನ ನಿಯಮವೇ. ನಮ್ಮ ಸ್ಲ್ಯಾಬ್ ಅವರ ಸ್ಲಿಪ್‌ಗೆ ಹೊಂದಿಸಬೇಡಿ.

ಇನ್ನೊಬ್ಬ ಮೇಡಂ ಕೇಳಿದ್ದು: ಗ್ರಾಸ್ 26,000, ಎರಡು ದಿನ ಎಲ್‌ಒಪಿ ಅಂದ್ರೆ ಸಂಬಳವಿಲ್ಲದ ರಜೆ ಆಗಿ ಆ ತಿಂಗಳು ಪಿಟಿ ಕಟ್ ಆಗಿಲ್ಲ, ನನಗೆ ನೋಟಿಸ್ ಬರುತ್ತಾ ಅಂತ. ಬರಲ್ಲ ಮೇಡಂ. 30 ದಿನದ ತಿಂಗಳಲ್ಲಿ 28 ದಿನಕ್ಕೆ 24,267 ಆಯ್ತು, ಆ ಮೊತ್ತ ನೋಡಿ ಬಿಟ್ಟಿದ್ದಾರೆ. ಕಟ್ ಮಾಡಿ ಕಟ್ಟೋ ಹೊಣೆಯೂ ಕಂಪನಿಯದ್ದು. ಈ ವಿಷಯದಲ್ಲಿ ಕನ್ಸಲ್ಟೆಂಟ್‌ಗಳು ಎರಡು ಥರ ನಡೆಸ್ತಾರೆ. ಕೆಲವರು ಗಳಿಸಿದ ಗ್ರಾಸ್ ನೋಡ್ತಾರೆ, ಕೆಲವರು ನಿಗದಿತ ಗ್ರಾಸ್ ನೋಡಿ ಎಲ್‌ಒಪಿ ಇದ್ರೂ 200 ಹಾಕ್ತಾರೆ. ಅರಿಯರ್ಸ್‌ದೂ ಇದೇ ಜಗಳ. ಮೂರು ತಿಂಗಳ ಅರಿಯರ್ಸ್ ಒಟ್ಟಿಗೆ ಬಂದು ಒಂದು ತಿಂಗಳು ಮಾತ್ರ ಗಡಿ ದಾಟಿದ್ರೆ ಒಂದೇ 200 ಸಾಕಾ, ಹಿಂದಿನ ತಿಂಗಳುಗಳನ್ನೂ ತಿದ್ದಬೇಕಾ ಅನ್ನೋದಕ್ಕೆ ಒಬ್ಬೊಬ್ಬರದು ಒಂದೊಂದು ಉತ್ತರ. ನನ್ನ ಮಟ್ಟಿಗೆ ಎಲ್‌ಒಪಿಗೆ ಗಳಿಸಿದ ಗ್ರಾಸ್ ಹಿಡಿಯೋದೇ ನ್ಯಾಯ. ಏನೇ ಮಾಡಿ, ವರ್ಷದ ಮಧ್ಯೆ ಬದಲಾಯಿಸಬೇಡಿ.

ಪೇರೋಲ್ ಮಾಡೋರಿಗೆ ಒಂದು ಮಾತು. ಟ್ಯಾಲಿಯಲ್ಲಿ ಪಿಟಿ ಪೇ ಹೆಡ್‌ಗೆ ಸ್ಲ್ಯಾಬ್ ಹಾಕುವಾಗ ಜಾರಿಯ ದಿನಾಂಕ ಕೇಳುತ್ತಲ್ಲ, ಅಲ್ಲೇ ಕೆಲಸ ಇರೋದು. ಏಪ್ರಿಲ್ 1ರಿಂದ 200, ಫೆಬ್ರವರಿ 1ರಿಂದ 300, ಮಾರ್ಚ್ 1ರಿಂದ ಮತ್ತೆ 200, ಹೀಗೆ ಮೂರು ಸಲ ಹಾಕಿ. ಮಾರ್ಚ್‌ದು ಹಾಕದಿದ್ರೆ ಎಲ್ಲರಿಗೂ 300 ಕಟ್ ಆಗಿ, ಹನ್ನೆರಡೂ ತಿಂಗಳು ಗಡಿ ದಾಟಿದವರ ಮೊತ್ತ 2,600 ಆಗುತ್ತೆ, ಸಂವಿಧಾನದ ಮಿತಿಯೇ ದಾಟುತ್ತೆ. ಇಪ್ಪತ್ತು ಜನರೊಳಗಿನ ಸಂಸ್ಥೆಗೆ ದುಬಾರಿ ಸಾಫ್ಟ್‌ವೇರ್ ಬೇಡವೇ ಬೇಡ, ಮೇಲಿನ ಸೂತ್ರದ ಎಕ್ಸೆಲ್ ಸಾಕು. ಫೆಬ್ರವರಿಯಲ್ಲಿ 200 ಮಾತ್ರ ಕಟ್ ಮಾಡಿದ್ರೆ ಉಳಿದ 100 ಮಾಲೀಕರೇ ತುಂಬಬೇಕಾಗುತ್ತೆ, ಕಟ್ ಮಾಡಿಲ್ಲ ಅನ್ನೋದು ಇಲಾಖೆಗೆ ನೆಪ ಆಗಲ್ಲ. ಪಿಟಿಯ ಮಾಸಿಕ ಲೆಕ್ಕ ಕೊಡೋ ನಮೂನೆ 5ಎ ತಿಂಗಳು ಮುಗಿದ 20 ದಿನದೊಳಗೆ ಹೋಗಬೇಕು. ಅಂದ್ರೆ ಫೆಬ್ರವರಿಯದ್ದು ಮಾರ್ಚ್ 20ಕ್ಕೆ, ಸ್ಲ್ಯಾಬ್ ತಪ್ಪಿದ್ದು ಗೊತ್ತಾದ್ರೆ ಅಷ್ಟರೊಳಗೇ ಸರಿಮಾಡಿ.